ಮಗುವಿನ ಮೈಮೇಲಿನ ನೀಲಿ ಮಚ್ಚೆ ಹುಟ್ಟಿನದೋ, ಪೆಟ್ಟಿನದೋ? ದಾಖಲೆಯಲ್ಲಿ ಏನು ಬರೆಸಬೇಕು?

ಅನು_ಮೂರುತಿಂಗಳು
ಮಗುವಿಗೆ ಈಗ ಮೂರು ತಿಂಗಳು. ಸೊಂಟದ ಕೆಳಗೆ, ಎರಡೂ ಪಿರ್ರೆಗಳ ಮೇಲೆ ಹರಡಿದ ಹಾಗೆ, ಸುಮಾರು 6 ಸೆಂ.ಮೀ. ಅಗಲದ ಬೂದು ಬೆರೆತ ನೀಲಿ ಕಲೆ ಇದೆ. ಎಡ ಭುಜದ ಹಿಂದೆ 2 ಸೆಂ.ಮೀ.ನದು ಇನ್ನೊಂದು. ಬಲಗಾಲಿನ ಹೊರಗಣ್ಣಿನ ಹತ್ತಿರ ಒಂದೂವರೆ ಸೆಂ.ಮೀ.ನದು ಮೂರನೆಯದು. ಲಸಿಕೆ ಹಾಕಿಸಲು ಹೋದಾಗ, ಮೊದಲು ನೋಡಿರದ ವೈದ್ಯರು ಕಾಲಿನದನ್ನು ಕಂಡು "ಇಲ್ಲಿ ಹೇಗೆ ಪೆಟ್ಟಾಯಿತು?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ಮಚ್ಚೆಯ ಮಾತೇ ಇಲ್ಲ. ಬೆನ್ನಿನದು ಹುಟ್ಟಿದಾಗಿನಿಂದ ಇದೆ ಅಂತ ಖಂಡಿತ ಗೊತ್ತು. ಕಾಲಿನದರ ಬಗ್ಗೆ ಆಣೆ ಮಾಡಿ ಹೇಳಲಾರೆ. ಇದು ಹುಟ್ಟುಮಚ್ಚೆಯೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಶಿವು_ಎಂ
ಸುಲಭದ ಉಪಾಯ ಇದೆ ಅಕ್ಕ. ಪಾರದರ್ಶಕ ಗಾಜಿನ ಲೋಟ ತಗೊಂಡು ಕಲೆಯ ಮೇಲೆ ಒತ್ತಿ. ಪೆಟ್ಟಿನ ರಕ್ತ ಆದರೆ ಬಣ್ಣ ಹಾಗೇ ಇರುತ್ತೆ, ಹುಟ್ಟುಮಚ್ಚೆ ಆದರೆ ಮಾಯ ಆಗುತ್ತೆ. ಹೇಗೂ ಇವೆಲ್ಲ ಒಂದು ವರ್ಷದೊಳಗೆ ಹೋಗುತ್ತವೆ, ಚಿಂತೆ ಬೇಡ.

ಚರ್ಮವೈದ್ಯೆ
ಶಿವು ಅವರೇ, ಗಾಜಿನ ಪರೀಕ್ಷೆ ನಿಜವಾದದ್ದೇ, ಆದರೆ ಈ ಪ್ರಶ್ನೆಗೆ ಹೊಂದುವುದಿಲ್ಲ. ಒತ್ತಿದಾಗ ಬಣ್ಣ ಮಾಸುವುದು ರಕ್ತ ಇನ್ನೂ ನಾಳದೊಳಗೇ ಇದ್ದಾಗ. ಒತ್ತಿದರೆ ರಕ್ತ ಆಚೀಚೆ ಸರಿಯುತ್ತದೆ, ಕೈ ತೆಗೆದರೆ ತುಂಬಿಕೊಳ್ಳುತ್ತದೆ. ಕೆಂಪು ರಕ್ತನಾಳದ ಮಚ್ಚೆಗಳಲ್ಲಿ ಹೀಗಾಗುತ್ತದೆ. ಪೆಟ್ಟಿನಲ್ಲಿ ರಕ್ತ ನಾಳ ಬಿಟ್ಟು ಹೊರಗೆ ಸೋರಿರುತ್ತದೆ, ಒತ್ತಿದರೆ ಅದಕ್ಕೆ ಹೋಗಲು ದಾರಿಯಿಲ್ಲ. ನೀಲಿ ಹುಟ್ಟುಮಚ್ಚೆಯಲ್ಲಿ ರಕ್ತವೇ ಇಲ್ಲ, ಇರುವುದು ಮೆಲನಿನ್. ಹಾಗಾಗಿ ಎರಡೂ ಒತ್ತಿದರೆ ಮಾಸುವುದಿಲ್ಲ. ಈ ಪರೀಕ್ಷೆಯನ್ನು ನಂಬಿದರೆ ಅನು ಅವರು ತಮ್ಮ ಮಗುವಿನ ಮೂರು ಮಚ್ಚೆಗಳನ್ನೂ ಪೆಟ್ಟು ಅಂದುಕೊಳ್ಳುತ್ತಾರೆ.

ಬಣ್ಣ ನೀಲಿ ಯಾಕೆ ಅನ್ನೋದು ತಿಳಿದರೆ ಇದು ಯಾಕೆ ನಿರುಪದ್ರವಿ ಅನ್ನೋದೂ ತಿಳಿಯುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶಗಳು ಹುಟ್ಟುವುದು ಚರ್ಮದಲ್ಲಲ್ಲ. ಭ್ರೂಣದ ಬೆನ್ನುಹುರಿ ರೂಪುಗೊಳ್ಳುವ ಜಾಗದ ಪಕ್ಕದಲ್ಲಿ ಹುಟ್ಟಿ, ಒಳಚರ್ಮದ ಮೂಲಕ ಹಾದು ಮೇಲ್ಪದರಕ್ಕೆ ಬಂದು ಸೇರುತ್ತವೆ. ಈ ಪಯಣ ಮುಖ್ಯವಾಗಿ ಗರ್ಭದ 11ರಿಂದ 14ನೇ ವಾರದ ಸುಮಾರಿಗೆ ನಡೆಯುತ್ತದೆ. ಕೆಲವು ಕೋಶಗಳು ದಾರಿಯಲ್ಲೇ, ಒಳಚರ್ಮದ ಆಳದಲ್ಲಿ ಉಳಿದುಬಿಡುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕದಿರಿನಂತೆ ಉದ್ದುದ್ದ, ಕೊಲಾಜನ್ ಎಳೆಗಳ ನಡುವೆ ಚರ್ಮಕ್ಕೆ ಸಮಾನಾಂತರವಾಗಿ ಮಲಗಿರುತ್ತವೆ. ಅಲ್ಲೊಂದು ಇಲ್ಲೊಂದು, ಗುಂಪುಗಟ್ಟದೆ.

ಅವುಗಳೊಳಗಿನ ಬಣ್ಣ ಎಲ್ಲರ ಚರ್ಮದಲ್ಲಿರುವ ಅದೇ ಕಂದು ಮೆಲನಿನ್. ಮೇಲೆ ಇದ್ದಿದ್ದರೆ ಕಂದಾಗಿಯೇ ಕಾಣುತ್ತಿತ್ತು. ಆಳದಲ್ಲಿರುವುದರಿಂದ ಕೆಂಪು ಬೆಳಕು ಒಳಗಿಳಿದು ಹೀರಲ್ಪಡುತ್ತದೆ, ನೀಲಿ ಬೆಳಕು ಮೇಲಿನ ಪದರದಲ್ಲೇ ಚದುರಿ ಕಣ್ಣಿಗೆ ಮರಳುತ್ತದೆ. ಹಾಗಾಗಿ ನೀಲಿ ಕಾಣುತ್ತದೆ, ಅಷ್ಟೆ. ಸೋರಿದ ರಕ್ತ ಇಲ್ಲ, ಬಾವಿಲ್ಲ, ನೋವಿಲ್ಲ, ಕೋಶಗಳು ಬೆಳೆದು ಗಂಟಾಗುವುದಿಲ್ಲ. ಇರಬೇಕಾದ ಜಾಗಕ್ಕಿಂತ ಸ್ವಲ್ಪ ಕೆಳಗೆ ಇರುವ ಸಾಮಾನ್ಯ ಕೋಶಗಳು ಅವು.

ಗಿರಿಜಾ_ನವಜಾತವಾರ್ಡ್
ಡಾಕ್ಟರ್ ಹೇಳಿದ್ದಕ್ಕೆ ಕೈಯಿಂದ ಮಾಡುವ ಭಾಗ ಸೇರಿಸುತ್ತೇನೆ.

ಮೊದಲು ಮುಟ್ಟಿ ನೋಡಿ. ಮಗು ಹಾಲು ಕುಡಿದು ಸಮಾಧಾನವಾಗಿರುವಾಗ, ಕೈ ಬೆಚ್ಚಗಿರಲಿ. ಕಣ್ಣು ಮುಚ್ಚಿ, ಬೆರಳ ತುದಿಯನ್ನು ಪಕ್ಕದ ಚರ್ಮದಿಂದ ಕಲೆಯ ಮೇಲೆ ನಿಧಾನಕ್ಕೆ ಸರಿಸಿ. ಮಚ್ಚೆಯಾದರೆ ಅದರ ಅಂಚು ಎಲ್ಲಿ ಶುರುವಾಯಿತು ಅನ್ನೋದು ಬೆರಳಿಗೆ ತಿಳಿಯುವುದೇ ಇಲ್ಲ. ಹೊಸ ಪೆಟ್ಟಿನಲ್ಲಿ ಸಣ್ಣ ಉಬ್ಬು, ಬಿಸಿ, ಗಟ್ಟಿತನ ಸಿಗಬಹುದು, ಮೆಲ್ಲಗೆ ಒತ್ತಿದರೆ ಮಗು ಕಾಲು ಎಳೆದುಕೊಳ್ಳಬಹುದು. ಆದರೆ ಎರಡು ಮೂರು ದಿನ ಹಳೆಯದಾದ ಪೆಟ್ಟು ಸಪಾಟಾಗಿ, ನೋವಿಲ್ಲದೆಯೂ ಇರಬಹುದು. ಉಬ್ಬು ಸಿಕ್ಕರೆ ಅದಕ್ಕೆ ಅರ್ಥ ಇದೆ, ಸಿಗದಿದ್ದರೆ ಅಷ್ಟರಿಂದಲೇ ಏನೂ ತೀರ್ಮಾನ ಆಗುವುದಿಲ್ಲ.

ತೀರ್ಮಾನ ಮಾಡುವುದು ಕಾಲ. ಪೆಟ್ಟಿನ ರಕ್ತವನ್ನು ದೇಹ ಒಡೆದು ಸಾಗಿಸುತ್ತದೆ, ಆದ್ದರಿಂದ ಅದು ದಿನದಿನವೂ ಬದಲಾಗುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ ಹೋಗಿಬಿಡುತ್ತದೆ. ಮಚ್ಚೆ ಎರಡು ವಾರದಲ್ಲಿ ಒಂದಿಷ್ಟೂ ಬದಲಾಗುವುದಿಲ್ಲ. ಹಸಿರು, ಹಳದಿ ಬಣ್ಣ ಬರುತ್ತದೆಯೇ ಎಂದು ಕಾಯಿರಿ ಅಂತ ಪುಸ್ತಕದಲ್ಲಿ ಇರುತ್ತದೆ. ಕಪ್ಪು, ಕಂದು ಚರ್ಮದಲ್ಲಿ ಆ ಹಳದಿ ಕಣ್ಣಿಗೆ ಬೀಳದೆಯೇ ಹೋಗಬಹುದು. ಅದಕ್ಕೆ ಬಣ್ಣಕ್ಕಿಂತ ಅಂಚು ಮತ್ತು ಅಳತೆ ನೋಡುವುದು ಮೇಲು.

ಆದರೆ ಅನು ಅವರೇ, ಇನ್ನೂ ಮಗುಚಿಕೊಳ್ಳದ ಮೂರು ತಿಂಗಳ ಮಗುವಿನ ಮೇಲೆ ಪೆಟ್ಟಿನ ಗುರುತು ಇದೆ ಎಂಬ ನಿಜವಾದ ಅನುಮಾನ ಬಂದರೆ ಎರಡು ವಾರ ಮನೆಯಲ್ಲಿ ಕಾಯುವಂತಿಲ್ಲ. ಅಷ್ಟು ಸಣ್ಣ ಮಗುವಿಗೆ ತಾನಾಗಿ ಪೆಟ್ಟಾಗುವುದು ಬಹಳ ಅಪರೂಪ. ರಕ್ತ ಹೆಪ್ಪುಗಟ್ಟುವುದರ ತೊಂದರೆಯೂ ಇರಬಹುದು. ಅಂಥದ್ದನ್ನು ಅದೇ ದಿನ ತೋರಿಸಬೇಕು. ಆ ವೈದ್ಯರು ಕೇಳಿದ್ದು ಅದಕ್ಕೇ, ನಿಮ್ಮ ಮೇಲಿನ ಅಪನಂಬಿಕೆಯಿಂದಲ್ಲ.

ನಿಮ್ಮಲ್ಲಿ ಉತ್ತರ ಆಗಲೇ ಇರಬಹುದು. ಮೊಬೈಲ್‌ನಲ್ಲಿ ಸ್ನಾನದ, ಬಟ್ಟೆ ಬದಲಿಸುವ ಹಳೆಯ ಫೋಟೊ ಹುಡುಕಿ. ಬಲಗಾಲು ಕಾಣುವ ಯಾವುದಾದರೂ ಸಾಕು.

ಅಪ್ಪಾಜಿ_ಕೆ
ಮಕ್ಕಳು ನೀಲಿಗಟ್ಟುವುದು ಹೃದಯದಲ್ಲಿ ರಂಧ್ರ ಇದ್ದರೆ ಅಂತ ಕೇಳಿದ್ದೇನೆ. ಅದನ್ನು ಮೊದಲು ನೋಡಿಸಬೇಕಲ್ಲವೇ?

ಚರ್ಮವೈದ್ಯೆ
ಅದು ಬೇರೆಯೇ ಸಂಗತಿ ಸರ್. ಆಮ್ಲಜನಕ ಕಡಿಮೆಯಾದರೆ ನೀಲಿ ಕಾಣುವುದು ನಾಲಿಗೆ, ತುಟಿ, ಬಾಯಿಯ ಒಳಭಾಗದಲ್ಲಿ. ಅಳುವಾಗ, ಹಾಲು ಕುಡಿಯುವಾಗ ಹೆಚ್ಚಾಗಬಹುದು. ಹಾಗೆ ಕಂಡರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ಅನು ಅವರು ಹೇಳುತ್ತಿರುವುದು ಒಂದೇ ಜಾಗದಲ್ಲಿ, ಅತ್ತರೂ ಮಲಗಿದರೂ ಒಂದೇ ಬಣ್ಣದಲ್ಲಿ ನಿಂತಿರುವ ಕಲೆ. ಅದಕ್ಕೂ ಹೃದಯಕ್ಕೂ ಸಂಬಂಧ ಇಲ್ಲ.

ಅನು_ಮೂರುತಿಂಗಳು
ಸಿಕ್ಕಿತು! ಒಂಬತ್ತನೇ ದಿನದ ಫೋಟೊ, ಟವೆಲ್ ಮೇಲೆ ಮಲಗಿಸಿದ್ದು. ಬಲಗಾಲಿನ ಹೊರಗಡೆ ಅದೇ ಜಾಗದಲ್ಲಿ ಕಲೆ ಇದೆ. ಆಕಾರವೂ ಅದೇ, ಒಂದು ತುದಿ ಚೂಪಾಗಿ ಹಿಮ್ಮಡಿಯ ಕಡೆ ಬಾಗಿದೆ. ಆದರೆ ಆಗಿಗಿಂತ ಈಗ ಸ್ವಲ್ಪ ದೊಡ್ಡದು, ಸ್ವಲ್ಪ ಗಾಢ ಅನ್ನಿಸುತ್ತಿದೆ. ಅದು ಸರಿಯೇ?

ಗಿರಿಜಾ_ನವಜಾತವಾರ್ಡ್
ತುಂಬಾ ಒಳ್ಳೆಯದಾಯಿತು. ಸುಮಾರು ಎಂಬತ್ತು ದಿನ ಒಂದೇ ಜಾಗದಲ್ಲಿ, ಅದೇ ಆಕಾರದಲ್ಲಿ ಉಳಿಯುವ ಪೆಟ್ಟು ಇಲ್ಲ. ಆ ಫೋಟೊವನ್ನು ತಿದ್ದಬೇಡಿ, ಕತ್ತರಿಸಬೇಡಿ, ದಿನಾಂಕ ಇರುವ ಮೂಲ ಫೈಲನ್ನೇ ಬೇರೆ ಕಡೆಯೂ ಉಳಿಸಿಡಿ.

ದೊಡ್ಡದಾಗಿದೆ ಅನ್ನಿಸುವುದಕ್ಕೆ ಒಂದು ಕಾರಣ ಕಾಲೇ ದೊಡ್ಡದಾಗಿರುವುದು, ಮಚ್ಚೆಯೂ ಚರ್ಮದ ಜೊತೆಗೇ ಹಿಗ್ಗುತ್ತದೆ. ಅಳತೆಯನ್ನು ಸೆಂ.ಮೀ.ನಲ್ಲಿ ಮಾತ್ರ ಇಡದೆ, ಕಾಲ್ಗಣ್ಣಿನ ಮೂಳೆಗೆ ಎಷ್ಟು ದೂರ, ಪಾದದ ಅಗಲದ ಎಷ್ಟು ಪಾಲು ಎಂದು ನೋಡಿ. ಮೊದಲ ತಿಂಗಳುಗಳಲ್ಲಿ ಬಣ್ಣ ಸ್ವಲ್ಪ ಗಾಢವಾಗುವುದೂ ಉಂಟು. ಹುಟ್ಟಿದ ದಿನ ಸರಿಯಾಗಿ ಕಾಣದೆ, ಕೆಲವು ವಾರಗಳಲ್ಲಿ ಎದ್ದು ಕಾಣುವ ಮಚ್ಚೆಗಳೂ ಇವೆ. ಅದಕ್ಕೇ ಡಿಸ್ಚಾರ್ಜ್ ಕಾಗದದಲ್ಲಿ ಇಲ್ಲ ಅನ್ನುವುದು ಅದು ಪೆಟ್ಟು ಅನ್ನುವುದಕ್ಕೆ ಆಧಾರ ಆಗುವುದಿಲ್ಲ.

ಇಂದು ಒಂದು ಸರಿಯಾದ ಫೋಟೊ ತೆಗೆಯಿರಿ. ಕಿಟಕಿಯ ಪಕ್ಕ, ಹಗಲು ಬೆಳಕು, ಫ್ಲ್ಯಾಷ್ ಬೇಡ. ಫ್ಲ್ಯಾಷ್ ಹಾಕಿದರೆ ಚರ್ಮ ಹೊಳೆದು ನೀಲಿ ತೊಳೆದುಹೋಗುತ್ತದೆ. ಮಚ್ಚೆಯ ಪಕ್ಕದಲ್ಲಿ, ಮೇಲಲ್ಲ, ಒಂದು ಸ್ಕೇಲು ಮತ್ತು ಬಿಳಿ ಕಾಗದದ ಚೂರು ಇಡಿ. ಬಿಳಿ ಕಾಗದ ಹಳದಿಯಾಗಿ ಬಂದಿದ್ದರೆ ಮಚ್ಚೆಯ ಬಣ್ಣವನ್ನೂ ನಂಬುವಂತಿಲ್ಲ ಎಂದು ನೋಡಿದವರಿಗೆ ಗೊತ್ತಾಗುತ್ತದೆ. ಕ್ಯಾಮೆರಾ ಚರ್ಮಕ್ಕೆ ನೇರವಾಗಿರಲಿ, ಓರೆಯಾದರೆ ಅಳತೆ ಕುಗ್ಗುತ್ತದೆ. ಒಂದು ಹತ್ತಿರದಿಂದ, ಇನ್ನೊಂದು ಇಡೀ ಕಾಲು ಕಾಣುವಂತೆ ದೂರದಿಂದ. ಹತ್ತಿರದ್ದು ಮಾತ್ರ ಇದ್ದರೆ ಅದು ಯಾವ ಕಾಲು ಎಂದೇ ಹೇಳಲಾಗುವುದಿಲ್ಲ.

ಮಾಲತಿ_ಬಿ
ನಮ್ಮ ಮಗಳಿಗೆ ಏಳು ವರ್ಷ, ಭುಜದ ಹಿಂದಿನದು ಇನ್ನೂ ಇದೆ. ಬೆನ್ನ ಬುಡದ್ದು ಮೂರು ವರ್ಷಕ್ಕೆ ಹೋಯಿತು. ಒಂದು ವರ್ಷದೊಳಗೆ ಹೋಗುತ್ತವೆ ಅಂದಿದ್ದು ನೋಡಿ ಗಾಬರಿಯಾಯಿತು. ಬಿಳುಪಾಗಿಸುವ ಮುಲಾಮು ಹಚ್ಚಿ ಎಂದು ಪರಿಚಿತರು ಒತ್ತಾಯಿಸುತ್ತಿದ್ದಾರೆ.

ಚರ್ಮವೈದ್ಯೆ
ಮಾಲತಿ ಅವರೇ, ಗಾಬರಿ ಬೇಡ. ಬೆನ್ನ ಬುಡ ಮತ್ತು ಪಿರ್ರೆಯ ಮಚ್ಚೆಗಳು ಮೊದಲ ಕೆಲವು ವರ್ಷಗಳಲ್ಲಿ ಮಾಸುತ್ತಾ ಹೋಗಿ, ಹೆಚ್ಚಿನ ಮಕ್ಕಳಲ್ಲಿ ಶಾಲೆಗೆ ಸೇರುವ ವಯಸ್ಸಿನ ಹೊತ್ತಿಗೆ ಇಲ್ಲವಾಗುತ್ತವೆ. ಭುಜ, ಕೈಕಾಲು, ಹೊಟ್ಟೆಯಂಥ ಬೇರೆ ಜಾಗದವು, 10 ಸೆಂ.ಮೀ.ಗಿಂತ ದೊಡ್ಡವು, ತುಂಬಾ ಗಾಢವಾದವು ನಿಧಾನ. ಕೆಲವು ದೊಡ್ಡವರಾದ ಮೇಲೂ ಉಳಿಯುತ್ತವೆ. ಉಳಿದರೂ ಅಪಾಯ ಇಲ್ಲ. ಅದರ ಮೇಲೆ ಗಂಟು ಎದ್ದರೆ, ಒಂದು ಭಾಗ ಮಾತ್ರ ಬೇರೆ ಥರ ಬೆಳೆದರೆ ತೋರಿಸಿ, ಅದು ಯಾವ ಮಚ್ಚೆಗಾದರೂ ಅನ್ವಯಿಸುವ ಮಾತು.

ಮುಲಾಮು ಖಂಡಿತ ಬೇಡ. ಬಣ್ಣ ಇರುವುದು ಒಳಚರ್ಮದ ಆಳದಲ್ಲಿ, ಬಿಳುಪಾಗಿಸುವ ಮುಲಾಮು ಕೆಲಸ ಮಾಡುವುದು ಮೇಲ್ಪದರದ ಬಣ್ಣದ ಮೇಲೆ. ಹಚ್ಚಿದರೆ ನೀಲಿ ಹಾಗೇ ಉಳಿದು ಸುತ್ತಲಿನ ಚರ್ಮ ಬಿಳಿಚಿಕೊಳ್ಳುತ್ತದೆ, ಮಚ್ಚೆ ಇನ್ನಷ್ಟು ಎದ್ದು ಕಾಣುತ್ತದೆ. ಅಂಥ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಮಕ್ಕಳ ತೂಕಕ್ಕೆ ಹೋಲಿಸಿದರೆ ಮೈಚರ್ಮದ ವಿಸ್ತಾರ ದೊಡ್ಡದು, ಹಚ್ಚಿದ್ದು ರಕ್ತಕ್ಕೆ ಸೇರುವ ಪ್ರಮಾಣವೂ ಹೆಚ್ಚು. ಉಜ್ಜುವುದರಿಂದಲೂ ಇದೇ ಕಥೆ. ಚರ್ಮ ಕೆರೆದುಹೋಗುತ್ತದೆ, ಬಣ್ಣ ಇದ್ದಲ್ಲೇ ಇರುತ್ತದೆ.

ಶಿವು_ಎಂ
ತಿದ್ದಿದ್ದಕ್ಕೆ ಧನ್ಯವಾದ ಮೇಡಂ. ಗಾಜಿನ ವಿಷಯ ನಾನು ಜ್ವರದ ಜೊತೆ ಬರುವ ಗುಳ್ಳೆಗಳ ಬಗ್ಗೆ ಓದಿದ್ದೆ, ಇಲ್ಲಿಗೂ ಹೊಂದುತ್ತೆ ಅಂದುಕೊಂಡೆ. ಇನ್ನೊಂದು ಪ್ರಶ್ನೆ. ಬೆನ್ನ ಬುಡದಲ್ಲಿ ಗುರುತು ಇದ್ದರೆ ಬೆನ್ನುಹುರಿಯ ದೋಷ ಇರಬಹುದು, ಸ್ಕ್ಯಾನ್ ಮಾಡಿಸಬೇಕು ಅಂತಾರಲ್ಲ?

ಗಿರಿಜಾ_ನವಜಾತವಾರ್ಡ್
ಇದು ಅರ್ಧ ಸರಿ. ಜಾಗ ಅದೇ, ಗುರುತು ಬೇರೆ. ಬೆನ್ನುಮೂಳೆಯ ನಡುಗೆರೆಯ ಮೇಲೆ ಕೂದಲಿನ ಗೊಂಚಲು, ಮೆತ್ತನೆಯ ಕೊಬ್ಬಿನ ಗಂಟು, ಉಬ್ಬಿದ ಕೆಂಪು ರಕ್ತನಾಳದ ಮಚ್ಚೆ, ಬಾಲದಂಥ ತುಣುಕು ಇದ್ದರೆ ಒಳಗಿನ ಬೆನ್ನುಹುರಿಯನ್ನು ನೋಡಿಸಬೇಕು. ಸಪಾಟಾದ ನೀಲಿ ಮಚ್ಚೆ ಒಂದೇ ಇದ್ದರೆ ಅದು ಆ ಪಟ್ಟಿಯಲ್ಲಿ ಇಲ್ಲ.

ತೊಡಕಾಗುವುದು ಗುಳಿ ಇದ್ದಾಗ. ನೀಲಿ ಬಣ್ಣದ ನಡುವೆ ಗುಳಿ ಇದ್ದರೆ ಕಣ್ಣಿಗೆ ಸಿಗದೆ ಹೋಗಬಹುದು, ಆದ್ದರಿಂದ ಪಿರ್ರೆಗಳನ್ನು ಮೆಲ್ಲಗೆ ಅಗಲಿಸಿ ನೋಡಬೇಕು. ನಡುಗೆರೆಯಲ್ಲಿ, ಗುದದ್ವಾರದಿಂದ 2.5 ಸೆಂ.ಮೀ.ನ ಒಳಗೆ, 5 ಮಿ.ಮೀ.ಗಿಂತ ಕಿರಿದಾಗಿ, ತಳ ಕಾಣುವಂತಿರುವ ಒಂಟಿ ಗುಳಿ ಸಾಮಾನ್ಯ. ಅದಕ್ಕಿಂತ ಮೇಲೆ ಇದ್ದರೆ, ಅಗಲ ಇದ್ದರೆ, ನೀರು ಸೋರುತ್ತಿದ್ದರೆ ತೋರಿಸಬೇಕು. ಹಾಗಿದ್ದರೆ ತಡ ಮಾಡಬಾರದು, ಏಕೆಂದರೆ ಮೊದಲ ಕೆಲವು ತಿಂಗಳು ಬೆನ್ನುಮೂಳೆಯ ಹಿಂಭಾಗ ಇನ್ನೂ ಮೃದ್ವಸ್ಥಿಯಾಗಿರುವುದರಿಂದ ಅಲ್ಟ್ರಾಸೌಂಡ್‌ನಲ್ಲೇ ಒಳಗೆ ಕಾಣುತ್ತದೆ. ಮೂಳೆ ಗಟ್ಟಿಯಾದ ಮೇಲೆ ಎಂಆರ್‌ಐ ಬೇಕಾಗುತ್ತದೆ.

ಅನು_ಮೂರುತಿಂಗಳು
ಈಗಷ್ಟೇ ನೋಡಿದೆ, ಗುಳಿ ಇಲ್ಲ, ಕೂದಲೂ ಇಲ್ಲ. ಆದರೆ ಮೂರು ಜಾಗದಲ್ಲಿ ಮಚ್ಚೆ ಇದ್ದರೆ ಒಳಗಿನ ಕಾಯಿಲೆಯ ಲಕ್ಷಣ ಅಂತ ಒಂದು ಕಡೆ ಓದಿ ನಿದ್ದೆ ಬರುತ್ತಿಲ್ಲ.

ಮಕ್ಕಳವೈದ್ಯ_ಜಿ
ನೀವು ಓದಿದ್ದು ಶೇಖರಣಾ ಕಾಯಿಲೆಗಳ ಬಗ್ಗೆ ಇರಬೇಕು. ಜಿಎಂ1 ಗ್ಯಾಂಗ್ಲಿಯೊಸಿಡೋಸಿಸ್, ಹರ್ಲರ್ ಕಾಯಿಲೆ ಇವುಗಳಲ್ಲಿ ಒಂದು ಕಿಣ್ವ ಇಲ್ಲದೆ ಕೋಶಗಳಲ್ಲಿ ಒಡೆಯದ ವಸ್ತು ತುಂಬಿಕೊಳ್ಳುತ್ತದೆ. ಇವು ಬಹಳ ಅಪರೂಪ. ಇಂಥ ಕೆಲವು ಮಕ್ಕಳಲ್ಲಿ ನೀಲಿ ಮಚ್ಚೆ ಬೆನ್ನು, ಎದೆ, ಹೊಟ್ಟೆ ಎಲ್ಲ ಕಡೆ ಹಬ್ಬಿ, ಅಂಚೇ ಸಿಗದಂತೆ, ಮಾಸುವ ಬದಲು ತಿಂಗಳು ಕಳೆದಂತೆ ಹೆಚ್ಚುತ್ತಾ ಹೋಗುತ್ತದೆ. ಜೊತೆಗೆ ಮಗು ಕಲಿತದ್ದನ್ನು ಮರೆಯುವುದು, ಮೈ ಮೆತ್ತಗಾಗುವುದು, ಯಕೃತ್ತು ಮತ್ತು ಗುಲ್ಮ ದೊಡ್ಡದಾಗುವುದು, ಹರ್ನಿಯಾ, ಮುಖದ ಚಹರೆ ದಪ್ಪಗಾಗುವುದು, ಇವುಗಳಲ್ಲಿ ಕೆಲವಾದರೂ ಕಾಣಿಸಿಕೊಳ್ಳುತ್ತವೆ. ನಿಮ್ಮ ಮಗುವಿಗೆ ಇರುವುದು ಸಪಾಟಾದ ಮೂರು ಮಚ್ಚೆ, ಅದರಲ್ಲಿ ದೊಡ್ಡದು 6 ಸೆಂ.ಮೀ. ಮಗು ಮುಖ ನೋಡಿ ನಗುತ್ತದೆಯೇ, ಮಗುಚಿ ಮಲಗಿಸಿದರೆ ತಲೆ ಎತ್ತುತ್ತದೆಯೇ, ತೂಕ ಏರುತ್ತಿದೆಯೇ? ಹೌದಾದರೆ ಯಾವ ಪರೀಕ್ಷೆಯೂ ಬೇಡ. ಮುಂದಿನ ಲಸಿಕೆಗೆ ಹೋದಾಗ ಹೊಟ್ಟೆ ಮುಟ್ಟಿ ನೋಡಲು ಹೇಳಿ, ಸಾಕು.

ಚರ್ಮವೈದ್ಯೆ
ಇಲ್ಲಿ ನನ್ನದು ಸಣ್ಣ ಭಿನ್ನಾಭಿಪ್ರಾಯ. ಅನು ಅವರ ಮಗುವಿನ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಮಚ್ಚೆ ಎದೆ, ಹೊಟ್ಟೆಯ ಕಡೆಗೂ ದೊಡ್ಡದಾಗಿ ಹಬ್ಬಿದ್ದರೆ ಬೇರೆ ಲಕ್ಷಣ ಬರುವ ತನಕ ಕಾಯಬಾರದು ಅನ್ನುವುದು ನನ್ನ ಅಭಿಪ್ರಾಯ. ಹರ್ಲರ್‌ನಲ್ಲಿ ಅಸ್ಥಿಮಜ್ಜೆಯ ಕಸಿ ಬೇಗ ಆದಷ್ಟೂ ಮಿದುಳು ಉಳಿಯುತ್ತದೆ. ಲಕ್ಷಣ ಎದ್ದು ಕಾಣುವ ಹೊತ್ತಿಗೆ ಆ ಅವಕಾಶದ ಒಂದು ಪಾಲು ಕಳೆದಿರುತ್ತದೆ. ರಕ್ತದಲ್ಲಿ ಕಿಣ್ವದ ಮಟ್ಟ ನೋಡುವುದು ಒಂದು ಸೂಜಿಚುಚ್ಚಿನ ಕೆಲಸ.

ಮಕ್ಕಳವೈದ್ಯ_ಜಿ
ಒಪ್ಪುತ್ತೇನೆ, ಆದರೆ "ದೊಡ್ಡದಾಗಿ ಹಬ್ಬಿದ್ದರೆ" ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಗೆರೆ ಇಲ್ಲ. ಅಗಲವಾದ ಮಚ್ಚೆ ಇರುವ ಮಕ್ಕಳಲ್ಲಿ ಬಹುಪಾಲು ಪೂರ್ತಿ ಆರೋಗ್ಯವಂತರೇ. ಎಲ್ಲರಿಗೂ ಪರೀಕ್ಷೆ ಬರೆದರೆ, ವರದಿ ಬರುವ ತನಕ ಆ ತಂದೆತಾಯಿ ಅನುಭವಿಸುವ ಸಂಕಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾನು ತಿಂಗಳಿಗೊಮ್ಮೆ ಫೋಟೊ ಇಟ್ಟು, ಹರಡುತ್ತಿದೆಯೇ ನೋಡಿ ತೀರ್ಮಾನಿಸುತ್ತೇನೆ.

ಚರ್ಮವೈದ್ಯೆ
ಹೊಟ್ಟೆ, ಬೆನ್ನು ಎರಡೂ ಕಡೆ ತುಂಬಿದ್ದರೆ ನಾನು ಆ ಒಂದು ತಿಂಗಳೂ ಕಾಯುವುದಿಲ್ಲ. ಇದರಲ್ಲಿ ನಾವು ಬೇರೆಬೇರೆಯಾಗಿಯೇ ಉಳಿಯಬೇಕೇನೋ.

ಇನ್ನೆರಡು ಗುರುತು ಹೇಳಿಬಿಡುತ್ತೇನೆ. ನೀಲಿ ಮಚ್ಚೆಯ ಜೊತೆ ಒತ್ತಿದರೆ ಮಾಸುವ ಕೆಂಪು ಮಚ್ಚೆಯೂ ಅಗಲವಾಗಿ ಇದ್ದರೆ ತೋರಿಸಿ. ಕಣ್ಣಿನ ಸುತ್ತ, ಕೆನ್ನೆಯ ಮೇಲೆ ಒಂದೇ ಕಡೆ ನೀಲಿ ಇದ್ದು ಕಣ್ಣಿನ ಬಿಳಿಭಾಗವೂ ಬೂದಾಗಿದ್ದರೆ ಅದು ಓಟಾ ಮಚ್ಚೆ. ಅದು ತಾನಾಗಿ ಮಾಸುವುದಿಲ್ಲ, ಕಣ್ಣಿನ ಒತ್ತಡವನ್ನು ಆಗಾಗ ನೋಡಿಸಬೇಕಾಗುತ್ತದೆ. ಬೆನ್ನಿನ ಮಚ್ಚೆಗೆ ಹೇಳುವ "ಬಿಡಿ, ಹೋಗುತ್ತೆ" ಅನ್ನುವ ಮಾತು ಅದಕ್ಕೆ ಸಲ್ಲದು.

ಮಾಲತಿ_ಬಿ
ಒಂದೇ ಪ್ರಶ್ನೆ ಡಾಕ್ಟ್ರೇ. ಬೆನ್ನಿನದು ಹೋಯಿತು, ಭುಜದ್ದು ಯಾಕೆ ಹೋಗಲಿಲ್ಲ?

ಚರ್ಮವೈದ್ಯೆ
ಇದಕ್ಕೆ ಪೂರ್ತಿ ಉತ್ತರ ಇನ್ನೂ ಯಾರಲ್ಲೂ ಇಲ್ಲ. ಮಾಸುವಾಗ ಆ ಕೋಶಗಳು ಸಾಯುತ್ತವೆಯೋ, ಬಣ್ಣ ತಯಾರಿಸುವುದನ್ನು ನಿಲ್ಲಿಸುತ್ತವೆಯೋ ಖಚಿತವಾಗಿಲ್ಲ. ಉಳಿದುಕೊಳ್ಳುವ ಮಚ್ಚೆಗಳಲ್ಲಿ ಕೋಶದ ಸುತ್ತ ಒಂದು ನಾರಿನ ಕವಚ ಕಂಡಿದೆ, ಅದೇ ಅವನ್ನು ಕಾಪಾಡುತ್ತಿರಬಹುದು ಅನ್ನುವುದು ಒಂದು ಊಹೆ. ಮಗಳು ದೊಡ್ಡವಳಾಗಿ ತಾನೇ ಬೇಡ ಅಂದರೆ ಕ್ಯೂ-ಸ್ವಿಚ್ಡ್ ಲೇಸರ್ ಇದೆ. ಆಳದ ಮೆಲನಿನ್‌ಗೆ ತಲುಪುವುದು ಅದೇ. ಹಲವು ಸಲ ಮಾಡಿಸಬೇಕಾಗುತ್ತದೆ, ಗಾಢ ಚರ್ಮದಲ್ಲಿ ಆ ಜಾಗ ಬಿಳಿಚುವ ಅಥವಾ ಕಪ್ಪಾಗುವ ಸಾಧ್ಯತೆಯೂ ಇದೆ. ಈಗ ಬಟ್ಟೆಯ ಒಳಗಿರುವ ಭುಜಕ್ಕೆ ನಾನಂತೂ ಸಲಹೆ ಮಾಡುವುದಿಲ್ಲ.

ಅನು_ಮೂರುತಿಂಗಳು
ನಗುತ್ತದೆ, ತಲೆ ಎತ್ತುತ್ತದೆ, ತೂಕವೂ ಸರಿಯಾಗಿ ಏರುತ್ತಿದೆ. ಎಲ್ಲರಿಗೂ ಮನಸಾರೆ ಧನ್ಯವಾದ. ನಾಳೆ ಅದೇ ವೈದ್ಯರಿಗೆ ಫೋಟೊ ತೋರಿಸುತ್ತೇನೆ. ಕಾರ್ಡಿನಲ್ಲಿ ಏನೆಂದು ಬರೆಸಲಿ? "ನೀಲಿ ಮಚ್ಚೆ ಇದೆ" ಅಂದರೆ ಸಾಕೇ?

ಗಿರಿಜಾ_ನವಜಾತವಾರ್ಡ್
ಸಾಲದು. ಅಷ್ಟೇ ಇದ್ದರೆ ನಾಳೆ ನಿಜವಾಗಿ ಪೆಟ್ಟಾದರೂ "ಅದು ಮಚ್ಚೆ" ಎಂದು ದಾಟಿಬಿಡುತ್ತಾರೆ. ಮಚ್ಚೆ ಇರುವ ಜಾಗದಲ್ಲೂ ಪೆಟ್ಟಾಗಬಹುದು, ಆಗ ಹಳೆಯ ಅಂಚಿನ ಆಚೆಗೆ ಹೊಸ ಬಣ್ಣ ಅಥವಾ ಊತ ಕಾಣುತ್ತದೆ. ಹಳೆಯ ಅಂಚು ಎಲ್ಲಿತ್ತು ಅನ್ನುವುದು ಬರೆದಿದ್ದರೆ ಮಾತ್ರ ಅದು ಗೊತ್ತಾಗುವುದು. ಈ ನೀಲಿ ಹುಟ್ಟುಮಚ್ಚೆಯ ವೈದ್ಯಕೀಯ ಹೆಸರು ಡರ್ಮಲ್ ಮೆಲನೊಸೈಟೋಸಿಸ್. ಹೀಗೆ ಬರೆಸಿ:

"ಹುಟ್ಟಿನಿಂದ ಬಂದ ಡರ್ಮಲ್ ಮೆಲನೊಸೈಟೋಸಿಸ್. ಬೆನ್ನ ಬುಡ ಮತ್ತು ಎರಡೂ ಪಿರ್ರೆ, 6 ಸೆಂ.ಮೀ. ಅಗಲ. ಎಡ ಭುಜದ ಹಿಂದೆ 2 ಸೆಂ.ಮೀ. ಬಲಗಾಲಿನ ಹೊರಗಣ್ಣಿನ ಬಳಿ 1.5 ಸೆಂ.ಮೀ., ತುದಿ ಹಿಮ್ಮಡಿಯ ಕಡೆ. ಮೂರೂ ಸಪಾಟು, ಊತ ಇಲ್ಲ, ನೋವಿಲ್ಲ. ಕಾಲಿನದು ಒಂಬತ್ತನೇ ದಿನದ ಫೋಟೊದಲ್ಲಿ ಇದೆ."

ಕೆಳಗೆ ದಿನಾಂಕ, ವೈದ್ಯರ ಸಹಿ. ಮೈಯ ಮುಂಭಾಗ, ಹಿಂಭಾಗದ ರೇಖಾಚಿತ್ರ ಇದ್ದರೆ ಅದರಲ್ಲೂ ಗುರುತು ಹಾಕಿಸಿ. ಹಳೆಯ ಕಾಗದಗಳಲ್ಲಿ ಇದಕ್ಕೆ "ಮಂಗೋಲಿಯನ್ ಸ್ಪಾಟ್" ಎಂದಿರುತ್ತದೆ. 1885ರಲ್ಲಿ ಜಪಾನಿನಲ್ಲಿದ್ದ ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್ ವಿವರಿಸಿದ ಕಾಲದ ಹೆಸರು ಅದು. ಒಂದು ಜನಾಂಗಕ್ಕೆ ಅಂಟಿಸಿದ ಹೆಸರು, ಅರ್ಥವೂ ತಪ್ಪು, ಆದ್ದರಿಂದ ಈಗ ಬಿಡುತ್ತಿದ್ದಾರೆ. ಯಾರಾದರೂ ಆ ಹೆಸರು ಹೇಳಿದರೆ ಬೇರೆ ಕಾಯಿಲೆ ಅಂದುಕೊಳ್ಳಬೇಡಿ. ಮಗುವನ್ನು ನೋಡಿಕೊಳ್ಳುವವರಿಗೂ ಒಂದು ಪ್ರತಿ ಕೊಡಿ, ಆರು ತಿಂಗಳಿಗೊಮ್ಮೆ ಅಳತೆ ಹೊಸದಾಗಿ ಬರೆಸಿ.

ಅನು_ಮೂರುತಿಂಗಳು
ಬರೆದುಕೊಂಡೆ. ಕಾಲಿನದನ್ನು ಇನ್ನೊಮ್ಮೆ ಸ್ಕೇಲಿಟ್ಟು ಅಳೆದೆ, 1.5 ಅಲ್ಲ, 1.7 ಬಂತು. ಅದನ್ನೇ ಬರೆಸುತ್ತೇನೆ.